ಪಟ್ಟಣ ಪಂಚಾಯತಿ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ: ಮೀನು ಮಾರ್ಕೆಟ್ಟಿನ ಮಾತು, ಮೊಬೈಲಿನ ಮೂರು ವಾಕ್ಯ

ಮಾನ್ಯ ಅಧ್ಯಕ್ಷರೇ, ಸದಸ್ಯರೇ,

ನಮಸ್ಕಾರ. ನಾನು ನಿಮ್ಮ ವಾರ್ಡಿನ ಮತದಾರ. ಮೊದಲು ಕಾರವಾರದಲ್ಲಿ, ಆಮೇಲೆ ಶಿರಸಿಯಲ್ಲಿ ಸಿವಿಲ್ ಕೋರ್ಟಿನ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ಶಿರಸ್ತೇದಾರನಾಗಿ ನಿವೃತ್ತನಾದವನು. ವಕೀಲ ಅಲ್ಲ. ಜನ ತಂದ ದಾವೆಗಳನ್ನು ತಿರುವಿ ನೋಡುವುದು, ಕೊರತೆ ಇದ್ದರೆ ವಾಪಸ್ ಕೊಡುವುದು, ಇಷ್ಟೇ ನನ್ನ ಕೆಲಸವಾಗಿತ್ತು. ಮಾನನಷ್ಟದ ದಾವೆಗಳೂ ಕೈ ದಾಟಿ ಹೋಗಿವೆ. ಸಿಟ್ಟಿನಲ್ಲಿ ಹಾಕಿ, ಎರಡು ವರ್ಷ ಓಡಾಡಿ, ಸುಸ್ತಾಗಿ ರಾಜಿ ಮಾಡಿಕೊಂಡವೇ ಜಾಸ್ತಿ.

ಊರ ಹೆಸರು ಹಾಕಿಲ್ಲ. ಕರಾವಳಿಯಲ್ಲಿ ಇಂಥ ಊರು ಬೇಕಾದಷ್ಟಿವೆ. ಹೆಸರು ಹಾಕದಿದ್ದರೆ ಬಚಾವ್ ಅಂತ ನಾನೇನೂ ಅಂದುಕೊಂಡಿಲ್ಲ. ಓದಿದವರಿಗೆ ಯಾರ ವಿಷಯ ಅಂತ ಗೊತ್ತಾದರೆ ಸಾಕು, ಕಾನೂನಿಗೆ ಅದು ಹೆಸರು ಹಿಡಿದು ಹೇಳಿದ ಹಾಗೇ. ಹಾಗಾಗಿ ಇಲ್ಲಿ ನನ್ನ ಕಣ್ಣಿಗೆ ಕಂಡದ್ದು, ನನ್ನ ಕೈಯಲ್ಲಿ ಕಾಗದ ಇರುವುದು, ಅಷ್ಟನ್ನೇ ಬರೆಯುತ್ತೇನೆ.

ಹೋದ ವಾರ ನಮ್ಮ ಜಗಲಿಗೆ ಇಬ್ಬರು ಬಂದರು. ಒಬ್ಬರು ಮಾರ್ಕೆಟ್ಟಿನ ಮೂಲೆಯಲ್ಲಿ ಕೂರುವ ಅಕ್ಕ. ಇನ್ನೊಬ್ಬ ಮೊಬೈಲ್ ರಿಪೇರಿ ಅಂಗಡಿಯ ಹುಡುಗ. ಇಬ್ಬರ ಕೈಯಲ್ಲೂ ಒಂದೇ ನೋಟಿಸು. ಹೆಸರು, ವಿಳಾಸ ಬಿಟ್ಟರೆ ಉಳಿದದ್ದು ಅಕ್ಷರಕ್ಕೆ ಅಕ್ಷರ ಒಂದೇ. "ಪಟ್ಟಣ ಪಂಚಾಯತಿ ಹಾಗೂ ಅದರ ಅಧ್ಯಕ್ಷರ" ಪರವಾಗಿ ಬಂದದ್ದು. ಮಾನ ಹೋಗಿದೆ, ಹದಿನೈದು ದಿನದೊಳಗೆ ಕ್ಷಮೆ ಕೇಳಿ, ಇಬ್ಬರೂ ತಲಾ ಹತ್ತು ಲಕ್ಷ ಕೊಡಿ, ಇಲ್ಲದಿದ್ದರೆ ಸಿವಿಲ್ ದಾವೆ, ಕ್ರಿಮಿನಲ್ ಕೇಸು ಎರಡೂ. ಅಕ್ಕ ಹತ್ತು ಲಕ್ಷದಲ್ಲಿ ಎಷ್ಟು ಸೊನ್ನೆ ಅಂತ ಕೇಳಿದರು. ನಗಲಿಲ್ಲ, ನಿಜಕ್ಕೂ ಕೇಳಿದರು.

ಅವರಿಬ್ಬರೂ ಮಾಡಿದ್ದು ಒಂದೇ ಕೆಲಸ ಅಲ್ಲ. ಒಂದೇ ನೋಟಿಸು ಇಬ್ಬರಿಗೂ ಹೊಂದುವುದಿಲ್ಲ.

ಮೊದಲು ನಡೆದದ್ದು ಹೇಳುತ್ತೇನೆ. ಹೋದ ವರ್ಷ ಜೂನ್ 14. ಟ್ರಾಲಿಂಗ್ ಬಂದ್ ಆಗಿತ್ತು, ಮಾರ್ಕೆಟ್ಟಿನಲ್ಲಿ ಒಣಮೀನೇ ಹೆಚ್ಚು. ಹೊಸದಾಗಿ ಕಟ್ಟಿಸಿದ ಚರಂಡಿಗೆ ಅದು ಮೊದಲ ದೊಡ್ಡ ಮಳೆ. ನೀರು ಹೊರಗೆ ಹೋಗುವ ಬದಲು ಒಳಗೆ ಬಂತು. ಅಕ್ಕನ ಎರಡು ಬುಟ್ಟಿ ಒಣ ಬಂಗಡೆ ನೆನೆದು ಮುದ್ದೆಯಾಯಿತು. ಒಮ್ಮೆ ನೆನೆದ ಒಣಮೀನನ್ನು ಮತ್ತೆ ಒಣಗಿಸಲಿಕ್ಕೆ ಆ ಮಳೆಯಲ್ಲಿ ಬಿಸಿಲೆಲ್ಲಿ? ಅಕ್ಕ ಎದ್ದು ನಿಂತು ಅರ್ಧ ಕೊಂಕಣಿಯಲ್ಲಿ, ಅರ್ಧ ಕನ್ನಡದಲ್ಲಿ ಕೂಗಿದರು. ಕನ್ನಡದ ಭಾಗ ನನಗೆ ಚೆನ್ನಾಗಿ ನೆನಪಿದೆ, ನಾನು ಅಲ್ಲೇ ಚೀಲ ಹಿಡಿದು ನಿಂತಿದ್ದೆ: "ಪಂಚಾಯತಿಯವರೆಲ್ಲ ನುಂಗಣ್ಣಗಳು, ತಿಂದು ತೇಗಿದ್ದಾರೆ."

ಮೂರು ದಿನ ಬಿಟ್ಟು, ಜೂನ್ 17ಕ್ಕೆ, ಹುಡುಗ ಊರಿನ ವಾಟ್ಸ್ಯಾಪ್ ಗುಂಪಿನಲ್ಲಿ ಮೂರು ವಾಕ್ಯ ಬರೆದ. ಗುಂಪಿನಲ್ಲಿ ಇನ್ನೂರ ಚಿಲ್ಲರೆ ಜನ ಇದ್ದಾರೆ. ಬರೆದದ್ದು ಹೀಗಿದೆ: "18 ಲಕ್ಷ ಹಾಕಿ ಕಟ್ಟಿದ ಚರಂಡಿಯಲ್ಲಿ ನೀರು ಹೊರಗೆ ಹೋಗ್ತಾ ಇಲ್ಲ, ಒಳಗೆ ಬರ್ತಾ ಇದೆ. ಈ ಕೆಲಸ ನೋಡಿದರೆ ಕಣ್ಣು ಮುಚ್ಚಿಕೊಂಡು ಬಿಲ್ ಪಾಸ್ ಮಾಡಿದ್ದಾರೆ, ಜನರ ದುಡ್ಡಿನ ಮೇಲೆ ಕಾಳಜಿಯೇ ಇಲ್ಲ. ಅಧ್ಯಕ್ಷರು ಕಂಟ್ರಾಕ್ಟರ್ ಹತ್ತಿರ ಎರಡು ಲಕ್ಷ ತಿಂದಿದ್ದಾರಂತೆ."

ಈಗ ನೋಟಿಸಿನ ಮೊದಲ ಸಾಲಿಗೆ ಬರೋಣ. "ಪಟ್ಟಣ ಪಂಚಾಯತಿಯ ಮಾನ." ಇದು ನಿಲ್ಲುವುದೇ ಇಲ್ಲ. 1994ರಲ್ಲಿ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಸರ್ಕಾರ, ಸ್ಥಳೀಯ ಸಂಸ್ಥೆ, ಆಡಳಿತದ ಅಧಿಕಾರ ನಡೆಸುವ ಬೇರೆ ಸಂಸ್ಥೆಗಳು ತಮ್ಮ ಮಾನ ಹೋಯಿತು ಅಂತ ಪರಿಹಾರದ ದಾವೆ ಹಾಕುವ ಹಾಗಿಲ್ಲ. ಪಟ್ಟಣ ಪಂಚಾಯತಿ ಸ್ಥಳೀಯ ಸಂಸ್ಥೆಯೇ ಅಲ್ವಾ? ಅಂದಮೇಲೆ ದಾವೆ ಹಾಕುವುದಿದ್ದರೆ ನೀವು, ನಿಮ್ಮ ಸ್ವಂತ ಹೆಸರಿನಲ್ಲಿ, ಸ್ವಂತ ಖರ್ಚಿನಲ್ಲಿ ಹಾಕಬೇಕು. ಈ ನೋಟಿಸಿನ ಫೀಸು ಯಾವ ಲೆಕ್ಕದಿಂದ ಹೋಯಿತು ಅಂತ ನಾನು ಕೇಳುತ್ತಿಲ್ಲ. ಸದಸ್ಯರು ಕೇಳಬಹುದು.

ಹಾಗಾದರೆ ನಿಮ್ಮ ಸ್ವಂತ ಮಾನ. ಅದಕ್ಕೆ ಕಾನೂನು ಬೆಲೆ ಕೊಡುತ್ತದೆ, ಕೊಡಲೇಬೇಕು. ಆದರೆ ಅದು ಹೇಗೆ ಹೋಯಿತು ಅನ್ನುವುದು ಮುಖ್ಯ. ಬಾಯಿಮಾತಿನಿಂದ ಹೋಯಿತೋ, ಬರಹದಿಂದ ಹೋಯಿತೋ?

ಇಂಗ್ಲಿಷ್ ಕಾನೂನಿನಲ್ಲಿ ಇವಕ್ಕೆ ಬೇರೆ ಬೇರೆ ಹೆಸರೇ ಇದೆ. ಉಳಿಯುವ ರೂಪದಲ್ಲಿದ್ದರೆ ಲೈಬಲ್. ಆಡಿದ ಗಳಿಗೆಗೇ ಗಾಳಿಯಲ್ಲಿ ಹೋದರೆ ಸ್ಲ್ಯಾಂಡರ್. ಬರಹವೇ ಆಗಬೇಕು ಅಂತಿಲ್ಲ. 1894ರಲ್ಲಿ ಲಂಡನ್ನಿನಲ್ಲಿ ಒಂದು ಮೇಣದ ಬೊಂಬೆಯೇ ಲೈಬಲ್ ಆಗಬಹುದು ಅಂದರು. 1934ರಲ್ಲಿ ಸಿನಿಮಾವನ್ನೂ ಅದಕ್ಕೆ ಸೇರಿಸಿದರು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳಬೇಕಂದರೆ, ಯಕ್ಷಗಾನದ ಹಾಸ್ಯಗಾರ ರಂಗದ ಮೇಲೆ ಊರ ಸಾಹುಕಾರನನ್ನು ಚುಚ್ಚಿ ಆಡಿದ ಮಾತು ಬೆಳಗಾಗುವುದರೊಳಗೆ ಮುಗಿಯಿತು. ಅದನ್ನೇ ಯಾರೋ ಮೊಬೈಲಿನಲ್ಲಿ ಹಿಡಿದು ಹಂಚಿದರೆ ಅದು ಉಳಿಯುವ ರೂಪಕ್ಕೆ ಬಂತು. ಹಂಚಿದವನ ತಲೆಗೂ ಬಂತು. ವಾಟ್ಸ್ಯಾಪ್ಪಿನ ಧ್ವನಿ ಸಂದೇಶವೂ ಬರಹದ ಸಾಲಿಗೇ ಸೇರಬೇಕು ಅನ್ನುವುದು ನನ್ನ ಅಭಿಪ್ರಾಯ. ಬಾಯಿಂದ ಬಂದರೂ ಅದು ಉಳಿಯುತ್ತದೆ.

ಈ ವ್ಯತ್ಯಾಸದಿಂದ ಆಗುವುದೇನು? ಬರಹವಾದರೆ ಏನು ನಷ್ಟವಾಯಿತು ಅಂತ ತೋರಿಸಬೇಕಿಲ್ಲ, ಮಾನ ಹೋಯಿತು ಅಂದರೆ ಸಾಕು. ಬಾಯಿಮಾತಾದರೆ ದುಡ್ಡಿನಲ್ಲಿ ಅಳೆಯಬಹುದಾದ ನಷ್ಟ ತೋರಿಸಬೇಕು. ಕೆಲಸ ಹೋಯಿತು, ಗಿರಾಕಿ ಹೋದರು, ನಿಶ್ಚಯವಾದ ಮದುವೆ ಮುರಿಯಿತು, ಹೀಗೆ. ಮನಸ್ಸಿಗೆ ನೋವಾಯಿತು ಅಂದರೆ ಸಾಲದು. ಆದರೆ ಇದಕ್ಕೆ ನಾಲ್ಕು ವಿನಾಯಿತಿ ಬೆಳೆದು ಬಂದವು. ಜೈಲಿಗೆ ಹೋಗುವಂಥ ಅಪರಾಧ ಮಾಡಿದ ಅನ್ನುವುದು, ಅಂಟುರೋಗ ಇದೆ ಅನ್ನುವುದು, ಹೆಂಗಸಿನ ನಡತೆ ಬಗ್ಗೆ ಆಡುವುದು, ಉದ್ಯೋಗ ಅಥವಾ ಹುದ್ದೆಗೆ ನಾಲಾಯಕ್ಕು ಅನ್ನುವುದು. ಈ ನಾಲ್ಕಕ್ಕೆ ಬಾಯಿಮಾತಾದರೂ ನಷ್ಟ ತೋರಿಸಬೇಕಿಲ್ಲ.

ನಮ್ಮ ದೇಶದ ಕೋರ್ಟುಗಳು ಈ ಭೇದವನ್ನು ಅಷ್ಟಾಗಿ ಒಪ್ಪಲಿಲ್ಲ. 1884ರಲ್ಲೇ ಮದ್ರಾಸ್ ಹೈಕೋರ್ಟು, ಹೆಂಗಸಿನ ನಡತೆ ಬಗ್ಗೆ ಬಾಯಲ್ಲಿ ಆಡಿದ ಮಾತಿಗೆ ನಷ್ಟದ ಲೆಕ್ಕ ಕೇಳುವ ಇಂಗ್ಲಿಷ್ ನಿಯಮದಲ್ಲಿ ಅರ್ಥವಿಲ್ಲ, ಇಲ್ಲಿಗೆ ಅದು ಬೇಡ ಅಂದಿತು. ಇಂಗ್ಲೆಂಡಿನವರು ಅದಕ್ಕೆ ಕಾಯ್ದೆ ಮಾಡಿದ್ದು ಆಮೇಲೆ, 1891ರಲ್ಲಿ. ಮದ್ರಾಸಿನ ಆ ತೀರ್ಪು ಬರುವ ಹೊತ್ತಿಗೆ ನಮ್ಮ ಜಿಲ್ಲೆ ಮುಂಬಯಿಗೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು ಅನ್ನಿ. ಮುಂಬಯಿ ಹೈಕೋರ್ಟೂ 1920ರ ದಶಕದಲ್ಲಿ ಅದೇ ದಾರಿ ಹಿಡಿಯಿತು. ಈಗ ನಮ್ಮಲ್ಲಿ ಹೆಚ್ಚಿನ ಕಡೆ ಬಾಯಿಮಾತಿಗೂ ನಷ್ಟ ತೋರಿಸದೆ ದಾವೆ ಹಾಕಬಹುದು.

ಹಾಗಾದರೆ ಅಕ್ಕ ಸಿಕ್ಕಿಬಿದ್ದರು ಅಂತಲ್ವಾ? ಅಲ್ಲ. ಭೇದ ಕಾನೂನಿನಲ್ಲಿ ತೆಳುವಾಗಿದ್ದರೂ ಸಾಕ್ಷ್ಯದಲ್ಲಿ ದಪ್ಪವಾಗಿಯೇ ಇದೆ. ಬಾಯಿಮಾತಿನ ದಾವೆಯಲ್ಲಿ ಆಡಿದ ಮಾತು ಯಾವುದು, ಯಾವ ಭಾಷೆಯಲ್ಲಿ, ಯಾವ ದಿನ, ಯಾರ ಎದುರಿಗೆ, ಇಷ್ಟೂ ದಾವೆಯಲ್ಲೇ ಬರೆಯಬೇಕು. ಮಾತಿನ ಸಾರಾಂಶ ಬರೆದರೆ ಆಗುವುದಿಲ್ಲ. ನಿಮ್ಮ ನೋಟಿಸಿನಲ್ಲಿ "ಅವಾಚ್ಯವಾಗಿ ನಿಂದಿಸಿ ಭ್ರಷ್ಟರೆಂದು ಆರೋಪಿಸಿದ್ದೀರಿ" ಅಂತಿದೆ. ಅಕ್ಕ ಹುಟ್ಟಿದಾಗಿನಿಂದ "ಆರೋಪಿಸಿದ್ದೀರಿ" ಅನ್ನುವಂಥ ಮಾತು ಆಡಿದವರಲ್ಲ. ಕೊಂಕಣಿಯಲ್ಲಿ ಏನೆಂದರು ಅಂತ ಒಂದಕ್ಷರ ಇಲ್ಲ. ನಾಳೆ ಸಾಕ್ಷಿಗೆ ನಾಲ್ವರನ್ನು ಕರೆದರೆ ನಾಲ್ಕು ಥರ ಹೇಳುತ್ತಾರೆ. ಬೇಕಾದರೆ ನನ್ನನ್ನೂ ಕರೆಯಿರಿ, ಕನ್ನಡದ ಅರ್ಧ ಹೇಳುತ್ತೇನೆ.

ಆ ಅರ್ಧದಲ್ಲೂ ನಿಮ್ಮ ಹೆಸರಿಲ್ಲ. "ಪಂಚಾಯತಿಯವರೆಲ್ಲ" ಅಂದರು. ಸದಸ್ಯರು, ಇಂಜಿನಿಯರು, ಬಿಲ್ ಕಲೆಕ್ಟರು, ಕಸದ ಗಾಡಿಯವರು ಎಲ್ಲ ಅದರೊಳಗೆ ಬಂದರು. ಇಷ್ಟು ದೊಡ್ಡ ಗುಂಪನ್ನು ಬೈದರೆ, ಅದು ನನಗೇ ತಾಗಿತು ಅಂತ ಒಬ್ಬರು ತೋರಿಸುವುದು ಕಷ್ಟ. ಇನ್ನು, ಅದು ಬೈಗುಳ. ಸಿಟ್ಟಿನ ಭರದಲ್ಲಿ ಬಾಯಿಂದ ಬಂದ ಬೈಗುಳವನ್ನು ಕೇಳಿದವರು ಬೈಗುಳ ಅಂತಲೇ ತಗೊಂಡರೆ, ಅದು ಮಾನನಷ್ಟ ಆಗುವುದಿಲ್ಲ. ನೆನೆದ ಬುಟ್ಟಿ ಮುಂದಿಟ್ಟುಕೊಂಡು ಕೂಗಿದ "ನುಂಗಣ್ಣ" ಕೇಳಿ ಅಲ್ಲಿದ್ದ ಯಾರೂ "ಓಹೋ, ಇಂಥ ದಿನ ಇಂಥವರು ಲಂಚ ತಗೊಂಡರು" ಅಂತ ಅರ್ಥ ಮಾಡಿಕೊಳ್ಳಲಿಲ್ಲ. ಬುಟ್ಟಿ ಎತ್ತಲು ಕೈಕೊಟ್ಟರು. ಅದೇ ಶಬ್ದವನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದರೆ ಮಾತು ಬೇರೆ ಇತ್ತು. ಕೂತು ಬರೆದವನಿಗೆ ಸಿಟ್ಟಿನ ನೆಪ ಸುಲಭದಲ್ಲಿ ಸಿಗುವುದಿಲ್ಲ.

ಈಗ ಹುಡುಗನ ವಿಷಯ. ಅವನು ಕೂತು ಬರೆದವನು.

ನೋಟಿಸಿನ ಜೊತೆ ಒಂದು ಸ್ಕ್ರೀನ್‌ಶಾಟ್ ಇದೆ. ಅದರಲ್ಲಿ ಮೂರನೇ ವಾಕ್ಯ ಮಾತ್ರ ಇದೆ, ಮೇಲಿನ ಎರಡನ್ನು ಕತ್ತರಿಸಿದ್ದಾರೆ. ಕೋರ್ಟಿನಲ್ಲಿ ಇದು ನಡೆಯುವುದಿಲ್ಲ. ಬರಹವನ್ನು ಇಡಿಯಾಗಿ ಓದಬೇಕು. ಜೊತೆಗೆ, ಮೊಬೈಲಿನ ಪ್ರತಿ ಹಾಜರು ಮಾಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಸರ್ಟಿಫಿಕೇಟೂ ಬೇಕು. ಆದರೆ ಇಡಿಯಾಗಿ ಓದಿದರೂ ಮೂರು ವಾಕ್ಯಗಳ ಹಣೆಬರಹ ಬೇರೆ ಬೇರೆಯೇ.

ಒಂದನೇ ವಾಕ್ಯ ಕಣ್ಣಿಗೆ ಕಾಣುವ ಸಂಗತಿ. ಇದಕ್ಕೆ ಉತ್ತರ ಸತ್ಯ. ಸಿವಿಲ್ ದಾವೆಯಲ್ಲಿ ಸತ್ಯ ಪೂರ್ತಿ ರಕ್ಷಣೆ. ಬರೆದವನಿಗೆ ನಿಮ್ಮ ಮೇಲೆ ಹಗೆ ಇರಲಿ, ಮುಂದಿನ ಚುನಾವಣೆಗೆ ನಿಲ್ಲುವ ಆಸೆ ಇರಲಿ, ನಿಜ ಆಗಿದ್ದರೆ ಮುಗಿಯಿತು. ಆದರೆ ನಿಜ ಅಂತ ಸಾಬೀತು ಮಾಡುವ ಭಾರ ಬರೆದವನದ್ದು. ಮಾನ ಕಳೆಯುವ ಮಾತನ್ನು ಕಾನೂನು ಮೊದಲಿಗೆ ಸುಳ್ಳು ಅಂತಲೇ ಹಿಡಿಯುತ್ತದೆ. ನಿಜ ಅಂತ ಹಟ ಹಿಡಿದು ಸಾಬೀತು ಮಾಡಲಾಗದೆ ಹೋದರೆ ಪರಿಹಾರ ಇನ್ನೂ ಏರಬಹುದು.

ಅದಕ್ಕೇ ನಾನು ಗಾರೆ ಕೆಲಸದವರೊಬ್ಬರನ್ನು ಕರೆದುಕೊಂಡು ಮಾರ್ಕೆಟ್ಟಿಗೆ ಹೋದೆ. ಅವರ ಹತ್ತಿರ ಲೆವೆಲ್ ಪೈಪ್ ಇತ್ತು. ಪಾರದರ್ಶಕ ಪೈಪಿಗೆ ನೀರು ತುಂಬಿ ಎರಡೂ ತುದಿಯಲ್ಲಿ ಹಿಡಿಯುವುದು, ಅಷ್ಟೇ. ಚರಂಡಿ ಅರವತ್ತು ಅಡಿ ಉದ್ದ. ಒಳಗಿನ ತುದಿಗಿಂತ ರಸ್ತೆ ಕಡೆಯ ತುದಿ ಎರಡು ಬೆರಳು ಎತ್ತರ ಇದೆ. ನೀರು ಒಳಗೆ ಬರದೆ ಏನು ಮಾಡುತ್ತದೆ? ಫೋಟೊ ತೆಗೆದಿದ್ದೇವೆ, ಅಳೆದವರು ಸಾಕ್ಷಿ ಹೇಳುತ್ತಾರೆ. ಮಾಹಿತಿ ಹಕ್ಕಿನಲ್ಲಿ ಅಳತೆ ಪುಸ್ತಕದ ನಕಲು, ಬಿಲ್ಲಿನ ನಕಲು ಹುಡುಗ ಮೊದಲೇ ತೆಗೆಸಿದ್ದ. ಬಿಲ್ಲು 17,64,000 ರೂಪಾಯಿ.

ಅವನು ಬರೆದದ್ದು 18 ಲಕ್ಷ. ನೋಟಿಸಿನಲ್ಲಿ ಇದನ್ನೇ ಹಿಡಿದು "ಸುಳ್ಳು ಅಂಕಿ" ಅಂದಿದ್ದಾರೆ. ಇಲ್ಲೊಂದು ಹಳೇ ಕಥೆ. 1865ರಲ್ಲಿ ಇಂಗ್ಲೆಂಡಿನ ಒಂದು ರೈಲ್ವೆ ಕಂಪನಿ, ಟಿಕೆಟಿನ ತಕರಾರಿನಲ್ಲಿ ಶಿಕ್ಷೆಯಾದ ಒಬ್ಬನ ಹೆಸರನ್ನು ಬೋರ್ಡಿಗೆ ಹಾಕಿತು. ದಂಡ ಕಟ್ಟದಿದ್ದರೆ ಮೂರು ವಾರ ಜೈಲು ಅಂತ ಬರೆದರು. ನಿಜದಲ್ಲಿ ಹದಿನಾಲ್ಕು ದಿನ. ಅವನು ದಾವೆ ಹಾಕಿ ಸೋತ. ಮಾತಿನ ಚುಚ್ಚು ಯಾವುದೋ ಅದು ನಿಜವಾಗಿದ್ದರೆ ಸಾಕು, ಚಿಲ್ಲರೆ ವ್ಯತ್ಯಾಸ ಲೆಕ್ಕಕ್ಕಿಲ್ಲ. ನಮ್ಮ ಚರಂಡಿಯ ಚುಚ್ಚು ಇರುವುದು ಇಳಿಜಾರಿನಲ್ಲಿ, ಮೂವತ್ತಾರು ಸಾವಿರದಲ್ಲಿ ಅಲ್ಲ.

ಎರಡನೇ ವಾಕ್ಯ ಅಭಿಪ್ರಾಯ. "ಕಣ್ಣು ಮುಚ್ಚಿಕೊಂಡು ಬಿಲ್ ಪಾಸ್ ಮಾಡಿದ್ದಾರೆ." ನೀವು ನಿಜಕ್ಕೂ ಕಣ್ಣು ಮುಚ್ಚಿದ್ದಿರಿ ಅಂತ ಯಾರೂ ಸಾಬೀತು ಮಾಡಬೇಕಿಲ್ಲ. ಇದಕ್ಕೆ ನ್ಯಾಯವಾದ ಟೀಕೆಯ ರಕ್ಷಣೆ ಇದೆ. ವಿಷಯ ಸಾರ್ವಜನಿಕರದ್ದಾಗಿರಬೇಕು. ಓದಿದವರಿಗೆ ಇದು ಅವನ ಅಭಿಪ್ರಾಯ ಅಂತ ಗೊತ್ತಾಗಬೇಕು. ಆ ಅಭಿಪ್ರಾಯ ನಿಂತಿರುವ ಸಂಗತಿ ನಿಜವಾಗಿರಬೇಕು. ಅವನು ಅದನ್ನು ಪ್ರಾಮಾಣಿಕವಾಗಿ ನಂಬಿರಬೇಕು. ಸಂಗತಿ ಒಂದನೇ ವಾಕ್ಯದಲ್ಲೇ ಇದೆ. ಸ್ಕ್ರೀನ್‌ಶಾಟಿನಿಂದ ಅದನ್ನು ಕತ್ತರಿಸಿದ್ದು ಅದಕ್ಕೇ ಇರಬಹುದು. ಇದು ನನ್ನ ಟೀಕೆ.

"ನ್ಯಾಯವಾದ" ಅನ್ನುವ ಶಬ್ದ ಕೇಳಿ ತೂಗಿ ಅಳೆದು ಮೃದುವಾಗಿ ಹೇಳಿದ್ದು ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಖಾರ ಇರಬಹುದು, ಅತಿ ಮಾಡಿ ಹೇಳಿರಬಹುದು, ಒಂದೇ ಕಡೆ ವಾಲಿರಬಹುದು. ಪ್ರಾಮಾಣಿಕನೊಬ್ಬ ಆ ಸಂಗತಿ ನೋಡಿ ಹಾಗೆ ಅಂದುಕೊಳ್ಳಲು ಸಾಧ್ಯವಿತ್ತಾ ಅಂತ ಮಾತ್ರ ಕೇಳುತ್ತಾರೆ. ಒಂದು ಅಪಾಯ ಇದೆ. ಸತ್ಯವನ್ನು ಹಗೆ ಕೆಡಿಸುವುದಿಲ್ಲ, ಟೀಕೆಯನ್ನು ಕೆಡಿಸುತ್ತದೆ. ಹುಡುಗ ಎರಡು ವರ್ಷದ ಹಿಂದೆ ಅಂಗಡಿ ಲೈಸೆನ್ಸಿನ ವಿಷಯದಲ್ಲಿ ನಿಮ್ಮ ಜೊತೆ ಜಗಳ ಆಡಿದ್ದ ಅಂತ ನನಗೂ ಗೊತ್ತು. ಆದರೆ ಹಗೆ ಸಾಧಿಸಲಿಕ್ಕೇ ಬರೆದ, ತಾನೇ ನಂಬದ್ದನ್ನು ಬರೆದ ಅಂತ ತೋರಿಸುವ ಭಾರ ನಿಮ್ಮದು. ಚರಂಡಿಯಲ್ಲಿ ನೀರು ನಿಂತಿರುವಾಗ ಅದು ಸುಲಭ ಅಲ್ಲ.

ಮೂರನೇ ವಾಕ್ಯಕ್ಕೆ ಬಂದಾಗ ನಾನು ಹುಡುಗನ ಮುಖ ನೋಡಿದೆ. ಅವನು ನೆಲ ನೋಡಿದ.

"ಎರಡು ಲಕ್ಷ ತಿಂದಿದ್ದಾರಂತೆ." ಇದು ಟೀಕೆ ಅಲ್ಲ. ಹೆಸರಿಲ್ಲದಿದ್ದರೂ ಹುದ್ದೆ ಇದೆ, ಮೊತ್ತ ಇದೆ, ಕೊಟ್ಟವನು ಇದ್ದಾನೆ. ಇದು ನಡೆದ ಸಂಗತಿ ಅಂತ ಹೇಳಿದ್ದು. ಸತ್ಯ ಅಂತ ತೋರಿಸಿದರೆ ಮಾತ್ರ ಬಚಾವ್. ಕೊನೆಯಲ್ಲಿ "ಅಂತೆ" ಇದೆಯಲ್ಲ ಅಂದ. ನಮ್ಮ ಭಾಷೆಯಲ್ಲಿ ಆ ಎರಡಕ್ಷರ ಬಹಳ ಅನುಕೂಲದ್ದು. ಏನು ಬೇಕಾದರೂ ಹೇಳಿ ಬಾಲಕ್ಕೆ ಅದನ್ನು ಕಟ್ಟಿದರೆ ನಾನು ಹೇಳಿದ್ದಲ್ಲ ಅಂತ ಕೈ ತೊಳೆದುಕೊಳ್ಳಬಹುದು. ಆದರೆ ಕೋರ್ಟಿನಲ್ಲಿ "ಅಂತೆ"ಗೆ ಬೆಲೆ ಇಲ್ಲ. ಬೇರೆಯವರು ಹೇಳಿದ್ದನ್ನು ಮತ್ತೆ ಹೇಳಿದವನು ತಾನೇ ಹೇಳಿದ ಹಾಗೆ ಅನ್ನುವುದು ಸುಮಾರು ಇನ್ನೂರು ವರ್ಷದಿಂದ ಇರುವ ನಿಯಮ. ಯಾರೋ ಹಾಗೆ ಹೇಳಿದ್ದರು ಅಂತ ತೋರಿಸಿದರೆ ಆಗುವುದಿಲ್ಲ. ದುಡ್ಡು ತಿಂದದ್ದನ್ನೇ ತೋರಿಸಬೇಕು. "ಅನ್ನಿಸುತ್ತೆ" ಅಂತ ಸೇರಿಸಿದ್ದರೂ ಹೆಚ್ಚೇನೂ ಆಗುತ್ತಿರಲಿಲ್ಲ.

ಎಲ್ಲಿ ಕೇಳಿದೆ ಅಂದೆ. ಚಾ ಅಂಗಡಿಯಲ್ಲಿ ಅಂದ. ಯಾರು ಹೇಳಿದ್ದು? ನೆನಪಿಲ್ಲ.

ರಾಜಗೋಪಾಲ್ ತೀರ್ಪು ಇಲ್ಲಿ ಅವನಿಗೂ ಸ್ವಲ್ಪ ಆಸರೆ ಕೊಡುತ್ತದೆ. ಸಾರ್ವಜನಿಕ ಹುದ್ದೆಯವರ ಕೆಲಸದ ಬಗ್ಗೆ ಬರೆದದ್ದು ಸುಳ್ಳಾಗಿದ್ದರೂ, ಬರೆದವನು ಸತ್ಯ ಏನೆಂಬ ಪರಿವೆಯೇ ಇಲ್ಲದೆ ಬರೆದ ಅಂತ ತೋರಿಸಿದರೆ ಮಾತ್ರ ಪರಿಹಾರ. ಸಾಧ್ಯವಾದಷ್ಟು ವಿಚಾರಿಸಿ ಬರೆದೆ ಅಂತ ಅವನು ತೋರಿಸಿದರೆ ಸಾಕು. ಚರಂಡಿಗೆ ಅವನು ವಿಚಾರಿಸಿದ್ದ, ಕಾಗದ ತೆಗೆಸಿದ್ದ. ಎರಡು ಲಕ್ಷಕ್ಕೆ ಏನೂ ಮಾಡಿರಲಿಲ್ಲ. ಚಾ ಅಂಗಡಿಯ ಮಾತು ವಿಚಾರಣೆ ಆಗುವುದಿಲ್ಲ. ಅವನಿಗೆ ನಾನು ಹೇಳಿದ್ದು ಇಷ್ಟು: ಆ ವಾಕ್ಯವನ್ನು ಹಿಂದಕ್ಕೆ ತಗೋ, ಅದೇ ಗುಂಪಿನಲ್ಲಿ, ಅದೇ ಇನ್ನೂರು ಜನ ನೋಡುವ ಹಾಗೆ. ಮೊದಲ ಎರಡನ್ನು ಮುಟ್ಟಬೇಡ. ನಿನ್ನೆ ರಾತ್ರಿ ಹಾಗೇ ಬರೆದಿದ್ದಾನೆ. ಅದರಿಂದ ದಾವೆಯ ಹಕ್ಕು ಹೋಗುವುದಿಲ್ಲ, ಪರಿಹಾರದ ಮೊತ್ತ ಇಳಿಯಬಹುದು.

ನೋಟಿಸಿನಲ್ಲಿರುವ ಕ್ರಿಮಿನಲ್ ಕೇಸಿನ ಬಗ್ಗೆ ಚಿಕ್ಕದಾಗಿ. ಮೊದಲು ಭಾರತೀಯ ದಂಡ ಸಂಹಿತೆಯ 499ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 356. ಅಲ್ಲಿ ಮಾತು, ಬರಹ ಅಂತ ಭೇದವಿಲ್ಲ. ಸತ್ಯ ಒಂದೇ ಸಾಲದು, ಅದನ್ನು ಹೇಳಿದ್ದು ಜನರ ಒಳಿತಿಗೆ ಅಂತಲೂ ಆಗಿರಬೇಕು. ಚರಂಡಿಯ ಮಾತು ಜನರ ಒಳಿತಿಗೆ ಅಲ್ಲ ಅಂತ ವಾದಿಸುವ ವಕೀಲರನ್ನು ನೋಡುವ ಆಸೆ ನನಗಿದೆ.

ಇನ್ನೊಂದು ವಿಷಯ. ಲೈಬಲ್, ಸ್ಲ್ಯಾಂಡರ್ ಭೇದ ನಮ್ಮ ಕಾಯ್ದೆಯಲ್ಲಿ ಅಚ್ಚಾಗಿ ಉಳಿದಿರುವ ಜಾಗ ಅಂದರೆ 1963ರ ಕಾಲಮಿತಿ ಕಾಯ್ದೆ. 75ನೇ ಬಾಬು ಬರಹಕ್ಕೆ, 76ನೇದು ಮಾತಿಗೆ. ಎರಡಕ್ಕೂ ಒಂದೇ ವರ್ಷ. ಬರಹಕ್ಕೆ ಪ್ರಕಟವಾದ ದಿನದಿಂದ, ಮಾತಿಗೆ ಆಡಿದ ದಿನದಿಂದ. ನಷ್ಟ ತೋರಿಸಲೇಬೇಕಾದ ಮಾತಾದರೆ ಮಾತ್ರ ನಷ್ಟವಾದ ದಿನದಿಂದ. ನೋಟಿಸು ಕೊಟ್ಟರೆ ಗಡಿಯಾರ ನಿಲ್ಲುವುದಿಲ್ಲ. ನೋಟಿಸಿನಲ್ಲಿ ಎರಡಕ್ಕೂ "ಜೂನ್ ತಿಂಗಳಲ್ಲಿ" ಅಂತ ಮಾತ್ರ ಬರೆದಿದ್ದಾರೆ. ಅಕ್ಕನ ಮಾತಿಗೆ ಈ ಜೂನ್ 14, ಹುಡುಗನ ಬರಹಕ್ಕೆ ಜೂನ್ 17. ಕೇಳಿದ ಹತ್ತು ಲಕ್ಷದ ಮೇಲೆ ಕೋರ್ಟ್ ಫೀಯನ್ನೂ ನೀವೇ ಮೊದಲು ಕಟ್ಟಬೇಕು.

ಅಧ್ಯಕ್ಷರೇ, ನನ್ನ ಕೋರಿಕೆ ಇಷ್ಟು. ಅಕ್ಕನಿಗೆ ಕೊಟ್ಟ ನೋಟಿಸನ್ನು ವಾಪಸ್ ತಗೊಳ್ಳಿ. ಹುಡುಗನ ನೋಟಿಸಿನಿಂದ ಪಂಚಾಯತಿಯ ಹೆಸರು ತೆಗೆಸಿ. ನಿಮ್ಮ ಹೆಸರಿನಲ್ಲಿ ಮುಂದುವರಿಯುವುದಾದರೆ ಮೂರನೇ ವಾಕ್ಯಕ್ಕೆ ಮಾತ್ರ ಸೀಮಿತ ಮಾಡಿ, ಅವನು ಹಿಂದಕ್ಕೆ ತಗೊಂಡದ್ದನ್ನೂ ಓದಿ ನೋಡಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಚರಂಡಿಯ ಅಳತೆ ಪುಸ್ತಕವನ್ನು ಎಲ್ಲರ ಎದುರು ತೆರೆಯಿರಿ. ಅದರಲ್ಲಿ ಇಳಿಜಾರು ಯಾವ ಕಡೆಗೆ ಅಂತ ಬರೆದಿದೆ, ನಾನು ನೋಡಿದ್ದೇನೆ. ಸದಸ್ಯರೂ ನೋಡಲಿ. ಮಳೆಗೆ ಇನ್ನು ಹೆಚ್ಚು ದಿನ ಇಲ್ಲ.

ಇಂತಿ,
ನಿಮ್ಮ ವಾರ್ಡಿನ ಮತದಾರ,
ನಿವೃತ್ತ ಶಿರಸ್ತೇದಾರ